ಮನೆಯಿಂದ ಇಂಟರ್ನ್‌ಶಿಪ್: ಸೂಪರ್‌ವೈಸರ್‌ಗೆ ಅಪ್‌ಡೇಟ್ ಮೇಲ್ ಬರೆಯುವ ಕ್ರಮ

ನನ್ನ ಮೊದಲ ರಿಮೋಟ್ ಇಂಟರ್ನ್‌ಶಿಪ್‌ನಲ್ಲಿ ದಿನಾ ಸಂಜೆ ಒಂದು ಉದ್ದ ಮೇಲ್ ಕಳಿಸುತ್ತಿದ್ದೆ. ಬೆಳಗ್ಗೆಯಿಂದ ಏನೇನು ಮಾಡಿದೆ ಅನ್ನೋದೆಲ್ಲ ಅದರಲ್ಲಿ ಇರುತ್ತಿತ್ತು. ಮೂರನೇ ವಾರದಲ್ಲಿ ನಾನು ನಾಲ್ಕು ದಿನದಿಂದ ಕಾಯುತ್ತಿದ್ದ ಒಂದು ಪಾಸ್‌ವರ್ಡ್ ಬಗ್ಗೆ ಕಾಲ್‌ನಲ್ಲಿ ಕೇಳಿದೆ. ಸೂಪರ್‌ವೈಸರ್‌ಗೆ ಆಶ್ಚರ್ಯವಾಯಿತು. "ನೀವು ಕೇಳಿದ್ದೇ ನನಗೆ ಗೊತ್ತಿಲ್ಲವಲ್ಲ" ಅಂದರು. ಕೇಳಿದ್ದೆ. ಹನ್ನೊಂದನೇ ಸಾಲಿನಲ್ಲಿ, ಒಂದು ವಾಕ್ಯದ ಕೊನೆಯಲ್ಲಿ.

ಈಗ ನಾನೇ ಇಂಟರ್ನ್‌ಗಳ ಮೇಲ್ ಓದುತ್ತೇನೆ. ಹನ್ನೊಂದನೇ ಸಾಲು ಯಾಕೆ ಕಾಣುವುದಿಲ್ಲ ಅಂತ ಈಗ ಅರ್ಥವಾಗಿದೆ. ಎರಡು ಮೀಟಿಂಗ್ ನಡುವೆ, ಮೊಬೈಲ್‌ನಲ್ಲಿ, ಅರ್ಧ ನಿಮಿಷದಲ್ಲಿ ಓದುವ ಮೇಲ್ ಅದು. ಓದುವಾಗ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ: ಇದರಲ್ಲಿ ನಾನು ಮಾಡಬೇಕಾದ್ದು ಏನಾದರೂ ಇದೆಯಾ, ಅಥವಾ ಕೆಲಸ ತನ್ನಷ್ಟಕ್ಕೆ ಸಾಗುತ್ತಿದೆಯಾ? ಆ ಪ್ರಶ್ನೆಗೆ ಮೊದಲ ಸಾಲಿನಲ್ಲೇ ಉತ್ತರ ಸಿಕ್ಕರೆ ಮೇಲ್ ತನ್ನ ಕೆಲಸ ಮಾಡಿದಂತೆ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ ಇವೆ.

ಎಲ್ಲ ಚೆನ್ನಾಗಿ ನಡೆಯುತ್ತಿರುವ ದಿನದ ಮೇಲ್ ಬರೆಯುವುದು ಕಷ್ಟವಲ್ಲ. ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡ ದಿನದ ಮೇಲ್ ಕಷ್ಟ. ಹಾಗಾಗಿ ಅಂಥ ಒಂದು ದಿನವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೋಗೋಣ.

## ನಮ್ಮ ಉದಾಹರಣೆ

ಒಬ್ಬ ಇಂಟರ್ನ್‌ಗೆ ಸೋಮವಾರ ಒಂದು ಕೆಲಸ ಕೊಟ್ಟಿದ್ದಾರೆ. ಗ್ರಾಹಕರ ದೂರುಗಳಿರುವ ಎರಡು ಸ್ಪ್ರೆಡ್‌ಶೀಟ್‌ಗಳಿವೆ. ಮೊದಲನೆಯದರಲ್ಲಿ 3,050 ಸಾಲು, ಎರಡನೆಯದರಲ್ಲಿ 1,150 ಸಾಲು. ಎರಡನ್ನೂ ಸ್ವಚ್ಛ ಮಾಡಿ, ಸೇರಿಸಿ, ಯಾವ ತಿಂಗಳು ಎಷ್ಟು ದೂರು ಬಂದಿದೆ ಅನ್ನುವ ಚಾರ್ಟ್ ಮಾಡಬೇಕು. ಗುರುವಾರ ಸಂಜೆ 5 ಗಂಟೆಗೆ ಕೊಡಬೇಕು.

ಮಂಗಳವಾರದ ಹೊತ್ತಿಗೆ ಮೊದಲ ಫೈಲ್ ಮುಗಿದಿದೆ. ಎರಡನೇ ಫೈಲ್‌ನಲ್ಲಿ ತೊಡಕು ಬಂದಿದೆ. ದಿನಾಂಕಗಳನ್ನು ಕೆಲವು ಕಡೆ ದಿನ ಮೊದಲು ಬರೆದಿದ್ದಾರೆ, ಕೆಲವು ಕಡೆ ತಿಂಗಳು ಮೊದಲು. 25/04 ಅಂದರೆ ಏಪ್ರಿಲ್ 25 ಅಂತ ಗೊತ್ತಾಗುತ್ತದೆ, ಯಾಕೆಂದರೆ 25ನೇ ತಿಂಗಳು ಇಲ್ಲ. ಆದರೆ 03/04 ಅಂದರೆ ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. 1,150 ಸಾಲಿನಲ್ಲಿ 700 ಸಾಲು ಹೇಗೋ ಬಿಡಿಸಲು ಸಾಧ್ಯವಾಗಿದೆ. 450 ಸಾಲು ಯಾವ ತಿಂಗಳಿಗೆ ಸೇರುತ್ತವೆ ಅಂತ ಹೇಳಲು ಆಗುತ್ತಿಲ್ಲ. ತಿಂಗಳ ಲೆಕ್ಕದ ಚಾರ್ಟ್‌ಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಮಂಗಳವಾರ ಸಂಜೆ ಈ ಇಂಟರ್ನ್ ಮೊದಲು ಬರೆದ ಮೇಲ್ ಹೀಗಿದೆ:

> ಸಬ್ಜೆಕ್ಟ್: ಇವತ್ತಿನ ಅಪ್‌ಡೇಟ್
>
> ನಮಸ್ತೆ ಮೇಡಂ, ಚೆನ್ನಾಗಿದ್ದೀರಿ ಎಂದು ಭಾವಿಸುತ್ತೇನೆ. ಇವತ್ತು ಬೆಳಗ್ಗೆ ಮೊದಲ ಫೈಲ್ ಅನ್ನು ಮತ್ತೊಮ್ಮೆ ಪರಿಶೀಲಿಸಿದೆ. ಅದರಲ್ಲಿ ಕೆಲವು ಸಾಲುಗಳು ಎರಡು ಸಲ ಬಂದಿದ್ದವು, ಅವನ್ನು ಸರಿ ಮಾಡಿದೆ. ಆಮೇಲೆ ಎರಡನೇ ಫೈಲ್ ಶುರು ಮಾಡಿದೆ. ಅದಕ್ಕೆ ಒಂದು ಫಾರ್ಮುಲಾ ಹುಡುಕಿ ಹಾಕಿದೆ, ಮೊದಲು ಕೆಲಸ ಮಾಡಲಿಲ್ಲ, ಆಮೇಲೆ ಬೇರೆ ರೀತಿ ಮಾಡಿದಾಗ ಸರಿಯಾಯಿತು. ದಿನಾಂಕದಲ್ಲಿ ಸ್ವಲ್ಪ ಸಮಸ್ಯೆ ಇದೆ, ನೋಡುತ್ತಿದ್ದೇನೆ. ಸುಮಾರು 80% ಮುಗಿದಿದೆ. ನಾಳೆ ಮುಂದುವರಿಸುತ್ತೇನೆ. ಧನ್ಯವಾದಗಳು.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಓದಿದ ಸೂಪರ್‌ವೈಸರ್‌ಗೆ ಮಾತ್ರ "ಎಲ್ಲ ಸರಿ ಇದೆ" ಅನಿಸುತ್ತದೆ. ಗುರುವಾರ ಸಂಜೆ ಚಾರ್ಟ್ ಬರದೆ ಹೋದಾಗ ಅವರಿಗೆ ಆಘಾತ, ಇಂಟರ್ನ್‌ಗೆ ಬೇಸರ. ಇದೇ ಮೇಲ್ ಅನ್ನು ತಿದ್ದುತ್ತಾ ಹೋಗೋಣ.

## ಹೆಜ್ಜೆ 1: ಮೊದಲ ವಾರದಲ್ಲೇ ಮೂರು ವಿಷಯ ಕೇಳಿಕೊಳ್ಳಿ

ದಿನಾ ಮೇಲ್ ಬೇಕೋ, ವಾರಕ್ಕೊಮ್ಮೆ ಸಾಕೋ ಅಂತ ಊಹಿಸಬೇಡಿ. ಮೊದಲ ಕಾಲ್‌ನಲ್ಲೇ ಕೇಳಿ: ಅಪ್‌ಡೇಟ್ ಎಷ್ಟು ದಿನಕ್ಕೊಮ್ಮೆ ಕಳಿಸಲಿ, ಯಾವ ಹೊತ್ತಿಗೆ ಬಂದರೆ ನಿಮಗೆ ಅನುಕೂಲ, ಮತ್ತು ಕೆಲಸ ಪೂರ್ತಿ ನಿಂತುಹೋದರೆ ಮೇಲ್‌ಗೆ ಕಾಯದೆ ಎಲ್ಲಿ ತಿಳಿಸಲಿ?

ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಅದೇ ಜಾಸ್ತಿ ಬೇಕಾಗುವುದು. ತುರ್ತಿನ ವಿಷಯಕ್ಕೆ ಚಾಟ್ ಸರಿ ಅನ್ನುವವರಿದ್ದಾರೆ, ಫೋನ್ ಮಾಡಿ ಅನ್ನುವವರಿದ್ದಾರೆ. ಒಪ್ಪಿಗೆ ಒಂದು ಸಲ ಸಿಕ್ಕಿಬಿಟ್ಟರೆ ಆಮೇಲೆ ಸಂಕೋಚ ಇರುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು. ನಿಮ್ಮ ಸಂಜೆ ಆರು ಗಂಟೆ ಅವರಿಗೆ ಕೆಲಸ ಮುಗಿಸಿ ಏಳುವ ಹೊತ್ತಾಗಿದ್ದರೆ, ನಿಮ್ಮ ಪ್ರಶ್ನೆಗೆ ಉತ್ತರ ಮರುದಿನವೇ. ಮಧ್ಯಾಹ್ನ ನಾಲ್ಕಕ್ಕೆ ಕಳಿಸಿದರೆ ಅದೇ ದಿನ ಉತ್ತರ ಬರುವ ಅವಕಾಶ ಇದೆ. ಬೇರೆ ಟೈಮ್ ಝೋನ್‌ನಲ್ಲಿ ಇರುವವರಾದರೆ ಅವರ ಬೆಳಗಿನ ಹೊತ್ತಿಗೆ ತಲುಪುವಂತೆ ಮೇಲ್ ಅನ್ನು ಶೆಡ್ಯೂಲ್ ಮಾಡಿ ಇಡಬಹುದು.

## ಹೆಜ್ಜೆ 2: ಕೆಲಸ ಮಾಡುವಾಗಲೇ ಗುರುತು ಹಾಕಿಕೊಳ್ಳಿ

ಸಂಜೆ ಕೂತು "ಇವತ್ತು ಏನು ಮಾಡಿದೆ" ಅಂತ ನೆನಪಿಸಿಕೊಂಡರೆ ನೆನಪಿಗೆ ಬರುವುದು ಕಷ್ಟಪಟ್ಟದ್ದು. ಮುಗಿಸಿದ್ದು ಮರೆತೇ ಹೋಗುತ್ತದೆ. ಮೇಲಿನ ಮೇಲ್ ನೋಡಿ, ಫಾರ್ಮುಲಾ ಜೊತೆ ಗುದ್ದಾಡಿದ ಕಥೆಗೆ ಇಡೀ ಒಂದು ವಾಕ್ಯ ಇದೆ. ಎಷ್ಟು ಸಾಲು ಮುಗಿಯಿತು ಅನ್ನುವುದು ಎಲ್ಲೂ ಇಲ್ಲ.

ಅದಕ್ಕೆ ಒಂದು ನೋಟ್ಸ್ ಫೈಲ್ ತೆರೆದಿಡಿ. ಒಂದು ತುಂಡು ಕೆಲಸ ಮುಗಿದಾಗ, ಅಥವಾ ಎಲ್ಲಾದರೂ ತಡೆದಾಗ, ಒಂದು ಸಾಲು ಬರೆಯಿರಿ. ನಮ್ಮ ಇಂಟರ್ನ್ ಬರೆದಿದ್ದರೆ ಅದು ಹೀಗಿರುತ್ತಿತ್ತು: "11:20, ಮೊದಲ ಫೈಲ್ ಮುಗಿಯಿತು, 3,050 ಸಾಲು, 140 ಎರಡು ಸಲ ಬಂದಿವೆ, ಬೇರೆ ಶೀಟ್‌ಗೆ ಹಾಕಿದೆ." ಮತ್ತೊಂದು: "2:45, ಎರಡನೇ ಫೈಲ್, 450 ಸಾಲಿನ ದಿನಾಂಕ ಅನುಮಾನ." ಇಷ್ಟಿದ್ದರೆ ಮೇಲ್ ಬರೆಯಲು ಹತ್ತು ನಿಮಿಷ ಸಾಕು.

ಈ ನೋಟ್ಸ್ ನಿಮಗಾಗಿ ಮಾತ್ರ. ಇದನ್ನೇ ಕಾಪಿ ಮಾಡಿ ಮೇಲ್‌ಗೆ ಹಾಕಬೇಡಿ.

## ಹೆಜ್ಜೆ 3: ಬರೆಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ

ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕು?

ಉತ್ತರ ಮೂರರಲ್ಲಿ ಒಂದು ಆಗಿರುತ್ತದೆ. ಏನೂ ಮಾಡಬೇಕಾಗಿಲ್ಲ, ಸುಮ್ನೆ ತಿಳಿದಿರಲಿ. ಅಥವಾ ಏನೋ ಒಂದನ್ನು ತೀರ್ಮಾನ ಮಾಡಿ ಹೇಳಬೇಕು, ಇಲ್ಲವೇ ಏನನ್ನೋ ಕೊಡಬೇಕು. ಅಥವಾ ಡೆಡ್‌ಲೈನ್ ತಪ್ಪುವ ಸಾಧ್ಯತೆ ಇದೆ, ಅದಕ್ಕೆ ಅವರು ತಮ್ಮ ಕಡೆ ತಯಾರಿ ಮಾಡಿಕೊಳ್ಳಬೇಕು.

ನಮ್ಮ ಇಂಟರ್ನ್ ಈ ಪ್ರಶ್ನೆ ಕೇಳಿಕೊಂಡಿದ್ದರೆ ಗೊತ್ತಾಗುತ್ತಿತ್ತು: ತನಗೆ ಬೇಕಿರುವುದು ದಿನಾಂಕದ ಸಮಸ್ಯೆಗೆ ಪರಿಹಾರ ಅಲ್ಲ. ಎರಡನೇ ಫೈಲ್ ತುಂಬಿದವರು ಯಾರು, ಅವರನ್ನು ನೇರವಾಗಿ ಕೇಳಬಹುದೇ ಅನ್ನುವ ಒಂದು ಮಾಹಿತಿ. ಸೂಪರ್‌ವೈಸರ್‌ಗೆ ಅದು ಒಂದು ಸಾಲಿನ ಉತ್ತರ. "ಸಮಸ್ಯೆ ಇದೆ" ಅಂದರೆ ಅವರು ಯೋಚಿಸಬೇಕಾಗುತ್ತದೆ. "ಯಾರನ್ನು ಕೇಳಲಿ" ಅಂದರೆ ಒಂದು ಹೆಸರು ಬರೆದು ಕಳಿಸುತ್ತಾರೆ. ನಿಮ್ಮ ಪ್ರಶ್ನೆಯನ್ನು ಇಷ್ಟು ಸಣ್ಣದಾಗಿ ಮಾಡುವುದಕ್ಕೆ ಸಮಯ ಹಿಡಿಯುತ್ತದೆ. ಆ ಸಮಯ ಕೊಡಿ, ಬೇಕಾದರೆ ಉಳಿದ ಮೇಲ್ ಅನ್ನು ಗಡಿಬಿಡಿಯಲ್ಲಿ ಬರೆಯಿರಿ.

## ಹೆಜ್ಜೆ 4: ಸಬ್ಜೆಕ್ಟ್ ಲೈನ್

"ಇವತ್ತಿನ ಅಪ್‌ಡೇಟ್" ಅಂದರೆ ತೆರೆಯದೆ ಏನೂ ಗೊತ್ತಾಗುವುದಿಲ್ಲ. ಹತ್ತು ದಿನ ಕಳೆದ ಮೇಲೆ ಹುಡುಕಿದರೆ ಹತ್ತು "ಇವತ್ತಿನ ಅಪ್‌ಡೇಟ್" ಸಿಗುತ್ತವೆ.

ಮೊಬೈಲ್‌ನಲ್ಲಿ ಸಬ್ಜೆಕ್ಟ್‌ನ ಮೊದಲ ಕೆಲವು ಪದಗಳು ಮಾತ್ರ ಕಾಣುತ್ತವೆ. ಅದಕ್ಕೇ ಮುಖ್ಯವಾದದ್ದು ಮುಂದೆ ಬರಲಿ. ಉತ್ತರ ಬೇಕಿದ್ದರೆ "ಉತ್ತರ ಬೇಕು, ಬುಧವಾರ 12ರೊಳಗೆ: ದೂರು ಫೈಲ್‌ನ ದಿನಾಂಕ" ಅಂತ ಬರೆಯಿರಿ. ಏನೂ ಬೇಡದಿದ್ದರೆ "ಮಾಹಿತಿಗೆ ಮಾತ್ರ: ದೂರು ಫೈಲ್, ಜೂನ್ 10" ಸಾಕು. "ಮಾಹಿತಿಗೆ ಮಾತ್ರ" ಅನ್ನುವ ಎರಡು ಪದ ನೋಡಿದರೆ ಅವರು ನಿರಾಳವಾಗಿ ಆಮೇಲೆ ಓದಬಹುದು. ನೀವು ಅದನ್ನು ಪ್ರಾಮಾಣಿಕವಾಗಿ ಬಳಸಿದರೆ, "ಉತ್ತರ ಬೇಕು" ಅಂದ ದಿನ ಅವರು ತಕ್ಷಣ ತೆರೆಯುತ್ತಾರೆ. ಪ್ರತಿ ಮೇಲ್‌ಗೂ "ತುರ್ತು" ಅಂತ ಹಾಕಿದರೆ ಎರಡೇ ವಾರದಲ್ಲಿ ಆ ಪದಕ್ಕೆ ಬೆಲೆ ಇರುವುದಿಲ್ಲ.

ಮಾಮೂಲಿ ಅಪ್‌ಡೇಟ್‌ಗಳನ್ನು ಒಂದೇ ಥ್ರೆಡ್‌ನಲ್ಲಿ ಉತ್ತರವಾಗಿ ಕಳಿಸುತ್ತಾ ಹೋಗುವುದು ಒಳ್ಳೆಯದೇ. ಉತ್ತರ ಬೇಕಾದ ಮೇಲ್ ಮಾತ್ರ ಹೊಸದಾಗಿ, ಹೊಸ ಸಬ್ಜೆಕ್ಟ್‌ನಲ್ಲಿ ಹೋಗಲಿ. ಹಳೇ ಥ್ರೆಡ್‌ನ ಹದಿನಾಲ್ಕನೇ ಉತ್ತರವಾಗಿ ಹೋದ ಪ್ರಶ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ.

## ಹೆಜ್ಜೆ 5: ಮೊದಲ ಸಾಲಿನಲ್ಲೇ ಪರಿಸ್ಥಿತಿ ಹೇಳಿ

"ಚೆನ್ನಾಗಿದ್ದೀರಿ ಎಂದು ಭಾವಿಸುತ್ತೇನೆ" ಎಂದು ಬರೆಯುವುದು ಗೌರವಕ್ಕೆ ಅಂತ ನನಗೆ ಗೊತ್ತು. ನಾವು ದೊಡ್ಡವರ ಜೊತೆ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಎದುರಿಗೆ ಸಿಕ್ಕಾಗ ಅದು ಸರಿಯೇ. ಆದರೆ ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಪಕ್ಕದಲ್ಲಿ ಮೇಲ್‌ನ ಮೊದಲ ಸಾಲೂ ಸ್ವಲ್ಪ ಕಾಣುತ್ತದೆ, ಆ ಜಾಗವನ್ನು ಕುಶಲ ಪ್ರಶ್ನೆಗೆ ಕೊಟ್ಟರೆ ನಷ್ಟ. "ಮೇಡಂ," ಅಥವಾ "ಸರ್," ಅಂತ ಶುರು ಮಾಡಿ, ಮರ್ಯಾದೆಯ ಬಹುವಚನದಲ್ಲಿ ಬರೆದರೆ ಗೌರವ ಪೂರ್ತಿ ಬಂತು. ಹೆಸರಿನಿಂದಲೇ ಕರೆಯುವ ಕಂಪನಿಯಾದರೆ ಹೆಸರು ಸಾಕು.

ಮೊದಲ ಸಾಲಿನಲ್ಲಿ ಡೆಡ್‌ಲೈನ್ ಮತ್ತು ಅದರ ಸ್ಥಿತಿ ಎರಡೂ ಇರಬೇಕು. "ಗುರುವಾರ ಸಂಜೆ 5ಕ್ಕೆ ಚಾರ್ಟ್ ಸಿಗುತ್ತದೆ, ನಿಮ್ಮಿಂದ ಏನೂ ಬೇಡ" ಅನ್ನುವುದು ಒಂದು ಪೂರ್ತಿ ಅಪ್‌ಡೇಟ್. ಅವರು ಅಲ್ಲಿಗೇ ಓದುವುದು ನಿಲ್ಲಿಸಿದರೂ ತೊಂದರೆ ಇಲ್ಲ.

## ಹೆಜ್ಜೆ 6: ಮುಗಿದದ್ದನ್ನು ಎಣಿಸಿ ಹೇಳಿ

"ಸುಮಾರು 80% ಮುಗಿದಿದೆ." ಈ ವಾಕ್ಯ ನನಗೆ ವಾರಕ್ಕೆ ಹಲವು ಸಲ ಸಿಗುತ್ತದೆ, ಓದಿದಾಗೆಲ್ಲ ವಾಪಸ್ ಕೇಳಬೇಕಾಗುತ್ತದೆ. ಯಾವುದರ 80%? ಸಮಯದ್ದಾ, ಸಾಲುಗಳದ್ದಾ? ನಮ್ಮ ಉದಾಹರಣೆಯಲ್ಲೇ ನೋಡಿ. 4,200 ಸಾಲಿನಲ್ಲಿ 3,750 ಸಾಲು ಸರಿಯಾಗಿವೆ. ಲೆಕ್ಕ ಹಾಕಿದರೆ ಸುಮಾರು 89%. ಆದರೂ ಚಾರ್ಟ್ ಒಂದು ಗೆರೆಯೂ ಶುರುವಾಗಿಲ್ಲ, ಉಳಿದ 450 ಸಾಲಿಗೆ ಎಷ್ಟು ಹೊತ್ತು ಬೇಕು ಅಂತ ಯಾರಿಗೂ ಗೊತ್ತಿಲ್ಲ. ಕೊನೆಯ ಹತ್ತು ಭಾಗದಲ್ಲೇ ಅರ್ಧ ಸಮಯ ಹೋಗುವ ಕೆಲಸ ಇದು.

ಶೇಕಡಾ ಬಿಟ್ಟು ಎಣಿಸಬಹುದಾದದ್ದನ್ನು ಎಣಿಸಿ. "ಮೊದಲ ಫೈಲ್ ಮುಗಿದಿದೆ, 3,050 ಸಾಲು. ಎರಡನೆಯದರಲ್ಲಿ 1,150ರಲ್ಲಿ 700 ಮುಗಿದಿದೆ. ಚಾರ್ಟ್ ಶುರುವಾಗಿಲ್ಲ." ಮೂರು ಸಣ್ಣ ವಾಕ್ಯ, ಅನುಮಾನಕ್ಕೆ ಜಾಗವಿಲ್ಲ. ಎಣಿಸಲು ಆಗದ ಕೆಲಸ ಇರುತ್ತದೆ, ಉದಾಹರಣೆಗೆ ಒಂದು ವರದಿ ಬರೆಯುವುದು. ಆಗ ಹಂತಗಳನ್ನು ಹೇಳಿ: ಮೊದಲ ಕರಡು ಆಗಿದೆ, ಚಿತ್ರಗಳು ಬಾಕಿ, ಇನ್ನೊಬ್ಬರು ಓದಿ ನೋಡುವುದು ಬಾಕಿ.

ಕ್ರಿಯಾಪದದ ಮೇಲೂ ಕಣ್ಣಿಡಿ. "ನೋಡುತ್ತಿದ್ದೇನೆ", "ಮಾಡುತ್ತಿದ್ದೇನೆ", "ಆಗುತ್ತಿದೆ" ಅನ್ನುವ ಪದಗಳು ಎಷ್ಟು ಸಲ ಬಂದಿವೆ ಎಣಿಸಿ. ಇವು ನಿನ್ನೆಯ ಮೇಲ್‌ನಲ್ಲೂ ಸರಿಹೊಂದುತ್ತಿದ್ದವು, ನಾಳೆಯದರಲ್ಲೂ ಹೊಂದುತ್ತವೆ. ಒಂದು ವಾಕ್ಯ ಎರಡು ದಿನದ ಮೇಲ್‌ನಲ್ಲಿ ಬದಲಾಗದೆ ಕೂರುತ್ತಿದ್ದರೆ ಕೆಲಸ ಸಿಕ್ಕಿಕೊಂಡಿದೆ ಅಂತ ತಿಳಿಯಿರಿ. ನಾನು ಇಂಟರ್ನ್‌ಗಳ ಮೇಲ್‌ನಲ್ಲಿ ಮೊದಲು ಹುಡುಕುವುದು ಇದನ್ನೇ.

"ಅಳಿಸಿದೆ", "ಸರಿ ಮಾಡಿದೆ" ಅನ್ನುವ ಪದಗಳ ಬಗ್ಗೆಯೂ ಎಚ್ಚರ. ಮೊದಲ ಮೇಲ್‌ನಲ್ಲಿ "ಎರಡು ಸಲ ಬಂದ ಸಾಲುಗಳನ್ನು ಸರಿ ಮಾಡಿದೆ" ಅಂತಿತ್ತು. ಅಳಿಸಿದರೋ, ಬದಿಗಿಟ್ಟರೋ? ಸೂಪರ್‌ವೈಸರ್‌ಗೆ ಅದು ತುಂಬಾ ಮುಖ್ಯ. ಅಳಿಸಿದ್ದರೆ ವಾಪಸ್ ತರಲು ಆಗದೇ ಇರಬಹುದು.

## ಹೆಜ್ಜೆ 7: ಸಿಕ್ಕಿಕೊಂಡಿದ್ದನ್ನು ಪೂರ್ತಿ ಹೇಳಿ

ಇಡೀ ಮೇಲ್‌ನಲ್ಲಿ ಹೆಚ್ಚು ಜಾಗ ಕೊಡಬೇಕಾದ್ದು ಇದಕ್ಕೆ. ನಾಲ್ಕು ವಿಷಯ ಇರಬೇಕು: ಏನು ತಡೆಯುತ್ತಿದೆ, ನೀವೇ ಏನು ಮಾಡಿ ನೋಡಿದಿರಿ, ಅವರಿಂದ ಏನು ಬೇಕು, ಎಷ್ಟು ಹೊತ್ತಿಗೆ ಬೇಕು.

"ಏನು ಮಾಡಿ ನೋಡಿದೆ" ಅನ್ನುವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿ. ನೀವು ಕಷ್ಟಪಟ್ಟಿದ್ದೀರಿ ಅಂತ ತೋರಿಸಲು ಅದು ಅಲ್ಲ. ಅವರು "ಇದನ್ನು ಮಾಡಿ ನೋಡಿ" ಅಂತ ಹೇಳುವ ಮೊದಲ ಸಲಹೆ ನೀವಾಗಲೇ ಮಾಡಿದ್ದೇ ಆಗಿದ್ದರೆ ಒಂದು ದಿನ ಸುಮ್ನೆ ಹಾಳಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಯಾರಿಗಾದರೂ ಹೊಳೆಯುವ ಮೊದಲ ಸಲಹೆ ಯಾವುದು? "ಗೊತ್ತಾಗುವ 700 ಸಾಲಿನಲ್ಲಿ ಯಾವ ಪದ್ಧತಿ ಇದೆಯೋ ಉಳಿದದ್ದಕ್ಕೂ ಅದೇ ಅಂತ ತಗೊಳ್ಳಿ." ಇಂಟರ್ನ್ ಅದನ್ನು ನೋಡಿದ್ದಾರೆ. 380 ಸಾಲಿನಲ್ಲಿ ದಿನ ಮೊದಲು ಇದೆ, 320 ಸಾಲಿನಲ್ಲಿ ತಿಂಗಳು ಮೊದಲು ಇದೆ. ಎರಡೂ ಬೆರೆತಿವೆ, ಊಹೆ ನಡೆಯುವುದಿಲ್ಲ. ಇದನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಒಂದು ಸುತ್ತು ಮೇಲ್ ಉಳಿಯುತ್ತದೆ.

ಎಷ್ಟು ಹೊತ್ತು ನೀವೇ ಪ್ರಯತ್ನಿಸಿ ಆಮೇಲೆ ಕೇಳಬೇಕು? ನಾನು ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳುವುದು ಹೀಗೆ: ಒಂದು ಗಂಟೆಯಲ್ಲಿ ಹೊಸ ಮಾಹಿತಿ ಏನೂ ಸಿಗದಿದ್ದರೆ ಪ್ರಶ್ನೆ ಬರೆದಿಡಿ, ಬೇರೆ ಭಾಗದ ಕೆಲಸ ಶುರು ಮಾಡಿ. ಇನ್ನೊಬ್ಬರ ತಲೆಯಲ್ಲಿ ಮಾತ್ರ ಇರುವ ಮಾಹಿತಿಯಾದರೆ ಒಂದು ಗಂಟೆಯೂ ಬೇಡ. ಫೈಲ್ ತುಂಬಿದವರು ಯಾರು ಅನ್ನುವುದನ್ನು ಫೈಲ್ ಎಷ್ಟು ನೋಡಿದರೂ ಹೇಳುವುದಿಲ್ಲ.

ಇನ್ನು, ಉತ್ತರ ಬರದಿದ್ದರೆ ಏನು ಮಾಡುತ್ತೀರಿ ಅನ್ನುವುದನ್ನೂ ಬರೆಯಿರಿ. "ಬುಧವಾರ 12ರೊಳಗೆ ತಿಳಿಯದಿದ್ದರೆ ಆ 450 ಸಾಲು ಬಿಟ್ಟು ಚಾರ್ಟ್ ಮಾಡುತ್ತೇನೆ, ಬಿಟ್ಟಿದ್ದನ್ನು ಚಾರ್ಟ್ ಕೆಳಗೆ ಬರೆಯುತ್ತೇನೆ." ಬ್ಯುಸಿ ಇರುವ ಸೂಪರ್‌ವೈಸರ್‌ಗೆ ಇದು ದೊಡ್ಡ ಸಹಾಯ. ಅವರು ಸುಮ್ಮನಿದ್ದರೂ ಕೆಲಸ ನಿಲ್ಲುವುದಿಲ್ಲ, ಇಷ್ಟವಾಗದಿದ್ದರೆ "ಬೇಡ" ಅಂತ ಒಂದು ಪದ ಕಳಿಸಬಹುದು.

ಇದಕ್ಕೆ ಒಂದು ಗಡಿ ಇದೆ. ವಾಪಸ್ ತರಲು ಆಗದ ಕೆಲಸಕ್ಕೆ ಈ ವಾಕ್ಯ ಬಳಸಬೇಡಿ. ಡೇಟಾ ಅಳಿಸುವುದು, ಹೊರಗಿನವರಿಗೆ ಏನನ್ನಾದರೂ ಕಳಿಸುವುದು, ಹಣ ಖರ್ಚಾಗುವ ಕೆಲಸ, ಎಲ್ಲರೂ ನೋಡುವ ಕಡೆ ಪ್ರಕಟಿಸುವುದು, ಇವುಗಳಿಗೆ ಸ್ಪಷ್ಟವಾದ "ಹೂಂ" ಬೇಕು. "ಉತ್ತರ ಬರಲಿಲ್ಲ, ಅದಕ್ಕೆ ಅಳಿಸಿದೆ" ಅನ್ನುವುದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

## ತಿದ್ದಿದ ಮೇಲ್

ಇಷ್ಟೂ ಸೇರಿಸಿದರೆ ಮಂಗಳವಾರದ ಮೇಲ್ ಹೀಗಾಗುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವ ಕಚೇರಿಯಾದರೂ ಕ್ರಮ ಇದೇ.

> ಸಬ್ಜೆಕ್ಟ್: ಉತ್ತರ ಬೇಕು, ಬುಧವಾರ 12ರೊಳಗೆ: ದೂರು ಫೈಲ್‌ನ ದಿನಾಂಕ
>
> ಮೇಡಂ,
>
> ಗುರುವಾರ, ಜೂನ್ 12ರ ಸಂಜೆ 5ಕ್ಕೆ ಪೂರ್ತಿ ಚಾರ್ಟ್ ಕೊಡಲು ಒಂದು ಮಾಹಿತಿ ಬೇಕು: ಎರಡನೇ ಫೈಲ್ ತುಂಬಿದವರು ಯಾರು? ಅವರನ್ನು ನಾನೇ ನೇರವಾಗಿ ಕೇಳಬಹುದೇ?
>
> ತೊಡಕು: ಎರಡನೇ ಫೈಲ್‌ನ 1,150ರಲ್ಲಿ 450 ಸಾಲಿನ ದಿನಾಂಕವನ್ನು ಎರಡು ರೀತಿ ಓದಬಹುದು. 03/04 ಏಪ್ರಿಲ್ 3 ಆಗಬಹುದು, ಮಾರ್ಚ್ 4 ಆಗಬಹುದು. ಉಳಿದ 700 ಸಾಲಿನಲ್ಲೂ ಎರಡೂ ಪದ್ಧತಿ ಬೆರೆತಿವೆ, ಹಾಗಾಗಿ ಊಹಿಸಲು ಆಗಲಿಲ್ಲ.
>
> ಮುಗಿದದ್ದು: ಮೊದಲ ಫೈಲ್, 3,050 ಸಾಲು. ಎರಡು ಸಲ ಬಂದ 140 ಸಾಲನ್ನು ಅಳಿಸಿಲ್ಲ, ಬೇರೆ ಶೀಟ್‌ನಲ್ಲಿ ಇಟ್ಟಿದ್ದೇನೆ. ಚಾರ್ಟ್ ನಾಳೆ ಬೆಳಗ್ಗೆ ಶುರು ಮಾಡುತ್ತೇನೆ.
>
> ಬುಧವಾರ 12ರೊಳಗೆ ತಿಳಿಯದಿದ್ದರೆ 450 ಸಾಲು ಬಿಟ್ಟು ಚಾರ್ಟ್ ಮಾಡಿ, ಅದನ್ನು ಚಾರ್ಟ್ ಕೆಳಗೆ ಬರೆಯುತ್ತೇನೆ. ಆಗ ಪ್ರತಿ ತಿಂಗಳ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಉದ್ದದಲ್ಲಿ ಇದು ಮೊದಲಿನ ಮೇಲ್‌ಗಿಂತ ಚಿಕ್ಕದೇನಲ್ಲ, ಗಮನಿಸಿ. ಓದಲು ಹಿಡಿಯುವ ಸಮಯ ಮಾತ್ರ ಕಡಿಮೆ. ಮೊದಲ ಎರಡು ಸಾಲು ಓದಿದರೆ ಉತ್ತರ ಕೊಡಬಹುದು, ಉಳಿದದ್ದು ಬೇಕಾದವರಿಗೆ. ಫಾರ್ಮುಲಾ ಕಥೆ ಪೂರ್ತಿ ಹೋಗಿದೆ. ಕೊನೆಯ ವಾಕ್ಯ ನನಗೆ ಬಹಳ ಇಷ್ಟ. ತನ್ನ ಪರ್ಯಾಯ ದಾರಿಯಲ್ಲಿ ಏನು ಕೊರತೆ ಇದೆ ಅಂತ ಇಂಟರ್ನ್ ತಾನೇ ಹೇಳಿದ್ದಾರೆ. ಅದನ್ನು ಓದಿದ ಮೇಲೆ ಸೂಪರ್‌ವೈಸರ್ ಸುಮ್ಮನಿರುವ ಸಾಧ್ಯತೆ ಕಡಿಮೆ.

## ಹೆಜ್ಜೆ 8: ತಡವಾಗುವುದನ್ನು ಯಾವಾಗ ಹೇಳಬೇಕು

ಖಚಿತವಾದ ಮೇಲೆ ಹೇಳೋಣ ಅಂತ ಕಾಯುವುದು ಎಲ್ಲರೂ ಮಾಡುವ ತಪ್ಪು. ಇವತ್ತು ರಾತ್ರಿ ಕೂತರೆ ಮುಗಿಯಬಹುದು, ಸುಮ್ನೆ ಯಾಕೆ ಹೇಳಲಿ ಅನಿಸುತ್ತದೆ. ಆದರೆ ನಿಮ್ಮ ಗುರುವಾರದ ಚಾರ್ಟ್ ಮೇಲೆ ಅವರ ಶುಕ್ರವಾರದ ಮೀಟಿಂಗ್ ನಿಂತಿರಬಹುದು. ಮಂಗಳವಾರ ಗೊತ್ತಾದರೆ ಅವರು ಮೀಟಿಂಗ್ ಮುಂದೂಡಬಹುದು, ಅಥವಾ ಅರ್ಧ ಚಾರ್ಟ್ ಸಾಕು ಅನ್ನಬಹುದು. ಗುರುವಾರ ನಾಲ್ಕೂವರೆಗೆ ಗೊತ್ತಾದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ಮುಗಿಯದೇ ಇರಬಹುದು" ಅನ್ನುವ ಯೋಚನೆ ಮೊದಲ ಸಲ ಬಂದ ದಿನದ ಮೇಲ್‌ನಲ್ಲೇ ಹೇಳಿ. ಮೂರು ಮಾತು ಸಾಕು: ಹಳೇ ದಿನ, ಹೊಸ ದಿನ, ಕಾರಣ. "ಗುರುವಾರ ಸಂಜೆಯ ಬದಲು ಶುಕ್ರವಾರ ಮಧ್ಯಾಹ್ನ 12ಕ್ಕೆ ಕೊಡುತ್ತೇನೆ. 450 ಸಾಲನ್ನು ಒಂದೊಂದಾಗಿ ಹೋಲಿಸಿ ನೋಡಬೇಕಾಗಿದೆ." ಒಂದು ಸಲ ಕ್ಷಮೆ ಕೇಳಿದರೆ ಸಾಕು, ಮೂರು ಸಾಲು ಕ್ಷಮೆ ಬೇಡ. ಹೊಸ ದಿನ ಹೇಳುವಾಗ ಸ್ವಲ್ಪ ಜಾಸ್ತಿಯೇ ಸಮಯ ಇಟ್ಟುಕೊಳ್ಳಿ. ಒಂದು ಸಲ ದಿನ ಬದಲಾದರೆ ಅರ್ಥ ಮಾಡಿಕೊಳ್ಳುತ್ತಾರೆ. ಅದೇ ಕೆಲಸಕ್ಕೆ ಎರಡನೇ ಸಲ ಬದಲಾದರೆ ನಿಮ್ಮ ಮುಂದಿನ ದಿನಾಂಕವನ್ನೂ ನಂಬುವುದು ಕಷ್ಟವಾಗುತ್ತದೆ.

## ಹೆಜ್ಜೆ 9: ಕಳಿಸುವ ಮುಂಚೆ ಎರಡು ನಿಮಿಷ

"ನಾಳೆ", "ಇವತ್ತು ಸಂಜೆ" ಅನ್ನುವ ಪದಗಳನ್ನು ವಾರ ಮತ್ತು ತಾರೀಖಿಗೆ ಬದಲಿಸಿ. ಸಂಜೆ ಕಳಿಸಿದ ಮೇಲ್ ಅನ್ನು ಅವರು ಮರುದಿನ ಬೆಳಗ್ಗೆ ಓದಿದರೆ "ನಾಳೆ" ಯಾವ ದಿನ? ತಿದ್ದಿದ ಮೇಲ್‌ನಲ್ಲೂ ಒಂದು "ನಾಳೆ ಬೆಳಗ್ಗೆ" ಉಳಿದುಬಿಟ್ಟಿದೆ ನೋಡಿ, ಅದು "ಬುಧವಾರ ಬೆಳಗ್ಗೆ" ಆಗಬೇಕು. ಬೇರೆ ಟೈಮ್ ಝೋನ್ ಆದರೆ ಗಂಟೆಯ ಜೊತೆ ಯಾರ ಸಮಯ ಅನ್ನುವುದನ್ನೂ ಬರೆಯಿರಿ.

ಫೈಲ್‌ನ ಲಿಂಕ್ ಹಾಕಿದ್ದರೆ ಅದನ್ನು ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆದು ನೋಡಿ. ನಿಮ್ಮ ಅಕೌಂಟ್‌ನಲ್ಲಿ ಯಾವಾಗಲೂ ತೆರೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಇನ್‌ಕಾಗ್ನಿಟೊದಲ್ಲಿ ಲಾಗಿನ್ ಕೇಳಿದರೆ ಒಳ್ಳೆಯದೇ, ಫೈಲ್ ಎಲ್ಲರಿಗೂ ತೆರೆದಿಲ್ಲ ಅಂತ ಅರ್ಥ. ಆಗ ಸೂಪರ್‌ವೈಸರ್‌ನ ಮೇಲ್ ಐಡಿ ಶೇರ್ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಲಾಗಿನ್ ಇಲ್ಲದೆ ನೇರವಾಗಿ ತೆರೆದರೆ, ಗ್ರಾಹಕರ ದೂರುಗಳು ಲಿಂಕ್ ಸಿಕ್ಕ ಯಾರಿಗಾದರೂ ಕಾಣುತ್ತಿವೆ ಅಂತ ಅರ್ಥ. ಶೇರ್ ಸೆಟ್ಟಿಂಗ್‌ನಲ್ಲಿ ಅದನ್ನು ತಕ್ಷಣ ಮುಚ್ಚಿ.

ಆಮೇಲೆ ಮೇಲ್ ಅನ್ನು ನಿಮ್ಮ ಮೊಬೈಲ್‌ನಲ್ಲಿ ಒಮ್ಮೆ ಓದಿ. ನಿಮ್ಮ ಪ್ರಶ್ನೆ ಸ್ಕ್ರೋಲ್ ಮಾಡದೆ ಕಾಣಬೇಕು. ಕಾಣದಿದ್ದರೆ ಮೇಲಕ್ಕೆ ತನ್ನಿ.

## ಹೆಜ್ಜೆ 10: ಉತ್ತರ ಬಾರದಿದ್ದರೆ, ಬಂದರೆ

ನೀವು ಹೇಳಿದ ಹೊತ್ತು ಬರುವುದಕ್ಕೆ ಒಂದೆರಡು ಗಂಟೆ ಮುಂಚೆ, ಮೊದಲ ವಾರದಲ್ಲಿ ಒಪ್ಪಿಕೊಂಡ ತುರ್ತಿನ ದಾರಿಯಲ್ಲಿ ಒಂದು ಸಾಲು ಕಳಿಸಿ: "ಮೇಡಂ, ದೂರು ಫೈಲ್ ಬಗ್ಗೆ ನಿನ್ನೆ ಮೇಲ್ ಕಳಿಸಿದ್ದೆ. 12ರವರೆಗೆ ಕಾಯುತ್ತೇನೆ, ಆಮೇಲೆ 450 ಸಾಲು ಬಿಟ್ಟು ಮುಂದುವರಿಯುತ್ತೇನೆ." ಇದು ಕಿರಿಕಿರಿ ಅಲ್ಲ. ಅವರಿಗೆ ಹೇಳಲು ಕೊನೆಯ ಅವಕಾಶ ಕೊಡುತ್ತಿದ್ದೀರಿ.

ಉತ್ತರ ಕಾಲ್‌ನಲ್ಲಿ ಬಂದರೆ ಅದನ್ನು ಅದೇ ಮೇಲ್‌ಗೆ ಉತ್ತರವಾಗಿ ಬರೆದು ಕಳಿಸಿ. ಮಾತಿನಲ್ಲಿ ಆದ ತೀರ್ಮಾನ ಎರಡು ವಾರದಲ್ಲಿ ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ. ಇದು ನನಗೆ ಎರಡು ಸಲ ಆಗಿದೆ. ಎರಡೂ ಸಲ ಇಬ್ಬರೂ ಪ್ರಾಮಾಣಿಕವಾಗಿಯೇ ಮಾತಾಡುತ್ತಿದ್ದೆವು.

ನಮ್ಮ ಇಂಟರ್ನ್‌ಗೆ ಬುಧವಾರ ಬೆಳಗ್ಗೆ ಹತ್ತಕ್ಕೆ ಕಾಲ್ ಬಂತು ಅಂದುಕೊಳ್ಳಿ. ಫೈಲ್ ತುಂಬಿದವರು ಇಬ್ಬರು, ಒಬ್ಬೊಬ್ಬರದು ಒಂದೊಂದು ಪದ್ಧತಿ, ಯಾರು ಯಾವ ಸಾಲು ತುಂಬಿದರು ಅನ್ನುವುದು ಕೊನೆಯ ಕಾಲಂನಲ್ಲಿ ಇದೆ ಅಂತ ತಿಳಿಯಿತು. ಆಗ ಹೋಗಬೇಕಾದ ಮೇಲ್ ಇಷ್ಟೇ:

> ಮೇಡಂ,
>
> ಗುರುವಾರ, ಜೂನ್ 12ರ ಸಂಜೆ 5ಕ್ಕೆ ಪೂರ್ತಿ ಚಾರ್ಟ್ ಸಿಗುತ್ತದೆ. ನಿಮ್ಮಿಂದ ಇನ್ನೇನೂ ಬೇಡ.
>
> ಬುಧವಾರ, ಜೂನ್ 11ರ ಬೆಳಗ್ಗೆ ಕಾಲ್‌ನಲ್ಲಿ ತೀರ್ಮಾನವಾದದ್ದು: ಕೊನೆಯ ಕಾಲಂ ನೋಡಿ 450 ಸಾಲಿನ ದಿನಾಂಕ ಸರಿಪಡಿಸುವುದು. ಮೂಲ ದಿನಾಂಕವನ್ನು ಬದಲಿಸದೆ ಪಕ್ಕದ ಕಾಲಂನಲ್ಲಿ ಸರಿಯಾದದ್ದನ್ನು ಬರೆಯುತ್ತೇನೆ.